ಗಾಣ ಹೂಡುವ ಮುನ್ನ ಒಂದು ಲೀಟರಿನ ಲೆಕ್ಕ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ‘ಎಣ್ಣೆ ನಗರಿ’ ಎಂಬ ಹೆಸರು ಇನ್ನೂ ಅಂಟಿಕೊಂಡಿದೆ. ಸುತ್ತಲಿನ ಮಳೆಯಾಶ್ರಿತ ಕೆಂಪು ನೆಲದಲ್ಲಿ ಬೆಳೆದ ಶೇಂಗಾ ಊರಿನ ಗಿರಣಿಗಳಿಗೆ ಬರುತ್ತಿತ್ತು, ಎಣ್ಣೆ ಡಬ್ಬಗಳು ದೂರದೂರಿಗೆ ಹೋಗುತ್ತಿದ್ದವು. 1994ರಲ್ಲಿ ಕೇಂದ್ರ ಸರ್ಕಾರ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಅಗ್ಗದ ಪ್ಯಾಕೆಟ್ ಎಣ್ಣೆ ಹಳ್ಳಿಯ ಚಿಲ್ಲರೆ ಅಂಗಡಿಯ ತನಕ ಬಂದು ಕೂತಾಗ ಶೇಂಗಾ ಎಣ್ಣೆ ದುಬಾರಿಯವರ ಎಣ್ಣೆಯಾಯಿತು, ಗಿರಣಿಗಳು ಸೊರಗಿದವು. ಇಂದು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು.

ಆಮೇಲೆ ಗಾಳಿ ಮತ್ತೊಂದು ದಿಕ್ಕಿಗೆ ತಿರುಗಿತು. ಮರದ ಗಾಣದ ಎಣ್ಣೆಗೆ ಪಟ್ಟಣಗಳಲ್ಲಿ ಗಿರಾಕಿ ಹುಟ್ಟಿದರು. ಬೆಂಗಳೂರಿನ ಬಡಾವಣೆಗಳಲ್ಲಿ, ತಾಲ್ಲೂಕು ಕೇಂದ್ರಗಳ ಮುಖ್ಯರಸ್ತೆಗಳಲ್ಲಿ ಗಾಣದ ಬೋರ್ಡುಗಳು ಕಾಣಿಸಿಕೊಂಡವು. ಕೆಲವು ನಿಂತವು, ಕೆಲವು ಬೋರ್ಡಿನ ಬಣ್ಣ ಮಾಸುವ ಮೊದಲೇ ಮುಚ್ಚಿದವು. ಎರಡರ ಯಂತ್ರವೂ ಒಂದೇ, ಬೀಜವೂ ಒಂದೇ. ವ್ಯತ್ಯಾಸ ಬಹಳ ಸಲ ಇರುವುದು ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಯಾರು ಏನನ್ನು ಕೇಳಿಕೊಂಡರು ಎನ್ನುವುದರಲ್ಲಿ.

ಹಾಗೆ ಕೇಳಿಕೊಂಡು ಬರೆದಿಡುವುದಕ್ಕೆ ಕಾರ್ಯಸಾಧ್ಯತಾ ಅಧ್ಯಯನ ಎನ್ನುತ್ತಾರೆ. ಮಾರುಕಟ್ಟೆ, ತಾಂತ್ರಿಕ, ಆರ್ಥಿಕ, ಕಾನೂನು ಎಂದು ಅದಕ್ಕೆ ನಾಲ್ಕು ಭಾಗ. ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟ್ ಇದರ ಮುಂದಿನ ಹೆಜ್ಜೆ. ಆದರೆ ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಉಲ್ಟಾ. ಎಷ್ಟು ಸಾಲ ಬೇಕೆಂದು ಮೊದಲು ತೀರ್ಮಾನಿಸಿ, ಆ ಸಾಲಕ್ಕೆ ಒಪ್ಪುವಷ್ಟು ಮಾರಾಟವನ್ನು ರಿಪೋರ್ಟಿನಲ್ಲಿ ಬರೆಸಲಾಗುತ್ತದೆ. ಲೆಕ್ಕಪತ್ರದ ಕಚೇರಿಗಳಲ್ಲಿ ಇದಕ್ಕೆ ಸಿದ್ಧ ನಮೂನೆಗಳೇ ಸಿಗುತ್ತವೆ; ಹೆಸರು, ಊರು ಬದಲಾಯಿಸಿದರೆ ಸಾಕು. ಅಂಥ ರಿಪೋರ್ಟಿನಿಂದ ಸಾಲ ಸಿಗಬಹುದು, ಉತ್ತರ ಸಿಗುವುದಿಲ್ಲ.

ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಣ್ಣ ತಮ್ಮ ಇಬ್ಬರು ಎರಡು ಗಾಣ ಹಾಕಬೇಕೆಂದಿದ್ದಾರೆ ಎಂದುಕೊಳ್ಳೋಣ. ಅವರು ಕಲ್ಪನೆಯವರು. ಮುಂದೆ ಬರುವ ಸಂಬಳ, ಬಾಡಿಗೆ, ಮಾರಾಟದ ದರ, ಯಂತ್ರದ ಬೆಲೆಗಳೂ ಲೆಕ್ಕಕ್ಕಾಗಿ ಇಟ್ಟುಕೊಂಡವು, ಊರಿಂದೂರಿಗೆ ಬೇರೆಯಾಗುತ್ತವೆ. ಲೆಕ್ಕದ ದಾರಿ ಮಾತ್ರ ಎಲ್ಲೆಡೆ ಇದೇ.

ಸಾಮಾನ್ಯವಾಗಿ ಅಧ್ಯಯನವನ್ನು ಮಾರುಕಟ್ಟೆಯಿಂದ ಶುರುಮಾಡುತ್ತಾರೆ. ಆದರೆ ಎಷ್ಟು ಮಾರಬೇಕು ಎಂದು ಗೊತ್ತಿಲ್ಲದೆ ಮಾರುಕಟ್ಟೆ ಸಾಕೋ ಸಾಲದೋ ಎಂದು ಹೇಳಲಾಗದು. ಆದ್ದರಿಂದ ಗಾಣದ ಮುಂದೆಯೇ ನಿಂತು ಶುರುಮಾಡುವುದು ಒಳ್ಳೆಯದು.

ಈಗಿನ ಮೋಟಾರು ಗಾಣದಲ್ಲಿ ಎತ್ತಿಲ್ಲ, ಉಳಿದದ್ದು ಹಳೆಯ ರಚನೆಯೇ. ಬಾಗೆಯಂಥ ಗಟ್ಟಿ ಮರದ ಒರಳು, ಅದರೊಳಗೆ ನಿಧಾನವಾಗಿ ಉಜ್ಜುತ್ತ ತಿರುಗುವ ದಿಮ್ಮಿ, ಮೂರು ಎಚ್‌ಪಿ ಆಸುಪಾಸಿನ ಮೋಟಾರು. ನಮ್ಮ ಅಣ್ಣ ತಮ್ಮಂದಿರು ನೋಡಿಬಂದ ಗಾಣ ಒಂದು ಸಲಕ್ಕೆ 20 ಕಿಲೋ ಬೀಜ ಹಿಡಿಯುತ್ತದೆ. ಅರೆದು, ಎಣ್ಣೆ ಬಸಿದು, ಹಿಂಡಿ ಕೆರೆದು ತೆಗೆದು ಮತ್ತೆ ಬೀಜ ಸುರಿಯುವ ಹೊತ್ತಿಗೆ ಸುಮಾರು ಒಂದು ಗಂಟೆ. ಮಾರುವವನು ದಿನಕ್ಕೆ ಎಂಟು ಸಲ ಎನ್ನುತ್ತಾನೆ. ಗಾಣ ನಡೆಸಿದವರನ್ನು ಕೇಳಿದರೆ ಆರು ಎನ್ನುತ್ತಾರೆ. ಅಧ್ಯಯನದಲ್ಲಿ ಬರೆಯಬೇಕಾದದ್ದು ಎರಡನೆಯವರ ಅಂಕಿ. ಎರಡು ಗಾಣ, ದಿನಕ್ಕೆ ಆರು ಸಲ, ವರ್ಷಕ್ಕೆ 250 ದಿನ ಎಂದರೆ 60 ಟನ್ ಬೀಜವಾಯಿತು.

ಶೇಂಗಾ ಬೀಜದಲ್ಲಿ ಎಣ್ಣೆಯ ಅಂಶ ತೂಕದ ಶೇ 45ರಿಂದ 50. ಮರದ ಗಾಣ ಅದನ್ನೆಲ್ಲ ಹೊರಗೆ ತೆಗೆಯುವುದಿಲ್ಲ, ಒಂದಷ್ಟು ಹಿಂಡಿಯಲ್ಲೇ ಉಳಿಯುತ್ತದೆ. ಹಸು ಸಾಕುವವರು ಗಾಣದ ಹಿಂಡಿಯನ್ನು ಮೆಚ್ಚುವುದು ಅದಕ್ಕೇ. ಒಳ್ಳೆಯ ಬೀಜ, ಸರಿಯಾದ ಹದ ಇದ್ದರೆ 100 ಕಿಲೋಗೆ 40 ಕಿಲೋ ಎಣ್ಣೆ ಎಂದು ಹಿಡಿಯಬಹುದು. ಒಂದು ಲೀಟರ್ ಶೇಂಗಾ ಎಣ್ಣೆಯ ತೂಕ ಸುಮಾರು 910 ಗ್ರಾಂ. ಆದ್ದರಿಂದ 40 ಕಿಲೋ ಎಂದರೆ 44 ಲೀಟರ್. ಕಿಲೋ ಮತ್ತು ಲೀಟರನ್ನು ಒಂದೇ ಎಂದು ತಿಳಿದು ಬರೆದ ರಿಪೋರ್ಟುಗಳೂ ಇರುತ್ತವೆ. ಒಂದೇ ಒಂದು ಸಾಲಿನಲ್ಲಿ ಶೇ 9ರಷ್ಟು ತಪ್ಪು. ವರ್ಷದ 60 ಟನ್ ಬೀಜಕ್ಕೆ ಎಣ್ಣೆ 26,400 ಲೀಟರ್, ಹಿಂಡಿ ಸುಮಾರು 34 ಟನ್.

ತಾಂತ್ರಿಕ ಭಾಗದಲ್ಲಿ ಯಂತ್ರಕ್ಕಿಂತ ಹೆಚ್ಚು ಜಾಗ ಬೇಡುವುದು ಬೀಜ. ರಿಫೈನರಿಯ ಎಣ್ಣೆ ಕ್ಷಾರ, ಮಣ್ಣು, ಹಬೆಯ ಸಂಸ್ಕರಣೆ ದಾಟಿ ಬರುತ್ತದೆ. ಗಾಣದ ಎಣ್ಣೆಗೆ ಅಂಥ ಯಾವ ಜರಡಿಯೂ ಇಲ್ಲ, ಬೀಜದಲ್ಲಿದ್ದ ದೋಷ ನೇರವಾಗಿ ಬಾಟಲಿಗೆ ಇಳಿಯುತ್ತದೆ. ಒದ್ದೆ ಶೇಂಗಾದಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಸೋಸಿದರೆ ಪೂರ್ತಿ ಹೋಗುವುದಿಲ್ಲ. ಕಾಯಿ ಚೆನ್ನಾಗಿ ಒಣಗಿರಬೇಕು, ಬೀಜದ ತೇವ ಶೇ 7–8 ದಾಟಬಾರದು. ಬಣ್ಣಗೆಟ್ಟ, ಸುಕ್ಕಾದ, ಒಡೆದ ಬೀಜ ಕೈಯಿಂದ ಆರಿಸಿ ತೆಗೆಯಬೇಕು. ಇದಕ್ಕೆ ಕೂಲಿ ಬೇಕು, ತೂಕವೂ ಇಳಿಯುತ್ತದೆ. ಕೊಂಡ ಬೀಜವೆಲ್ಲ ಗಾಣಕ್ಕೆ ಹೋಗುತ್ತದೆ ಎಂದು ಬರೆದ ಲೆಕ್ಕ ಇಲ್ಲೇ ಎಡವುತ್ತದೆ. ತೇವದ ಅಳತೆಗೆ ಚಿಕ್ಕದೊಂದು ಮೀಟರು ಸಿಗುತ್ತದೆ. ಯಂತ್ರಗಳ ಪಟ್ಟಿಯಲ್ಲಿ ಅದೂ ಇದೆಯೇ ಎಂದು ನೋಡಿದರೆ ರಿಪೋರ್ಟು ಬರೆದವರಿಗೆ ಕೆಲಸ ಗೊತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಜಾಗದ ಪ್ರಶ್ನೆ ಇನ್ನೊಂದು. ಸ್ವಂತ ಹೊಲದ ಶೆಡ್ಡಿನಲ್ಲೇ ಗಾಣ ಹಾಕಿದರೆ ಬಾಡಿಗೆ ಉಳಿಯುತ್ತದೆ ಎಂದು ತಮ್ಮ ಹೇಳುತ್ತಾನೆ. ಆದರೆ ಹೊಲದಲ್ಲಿರುವುದು ಪಂಪ್‌ಸೆಟ್ ಲೈನು. ಅದರಲ್ಲಿ ತ್ರೀ ಫೇಸ್ ವಿದ್ಯುತ್ ದಿನಕ್ಕೆ ಏಳು ಗಂಟೆ, ಅದೂ ಕೆಲವು ಸಲ ರಾತ್ರಿ ಪಾಳಿಯಲ್ಲಿ. ಅದು ನೀರೆತ್ತಲಿಕ್ಕೆ ಕೊಟ್ಟ ಸಂಪರ್ಕ, ಗಾಣಕ್ಕೆ ಬಳಸುವ ಹಾಗೂ ಇಲ್ಲ. ಉದ್ದಿಮೆಯ ಸಂಪರ್ಕ ಬೇಕೆಂದರೆ ಬೆಸ್ಕಾಂನಿಂದ ಅಂದಾಜುಪಟ್ಟಿ ಮಾಡಿಸಬೇಕು, ಕಂಬ ಎಷ್ಟು ದೂರ ಎಂಬುದರ ಮೇಲೆ ಖರ್ಚು. ಊರೊಳಗಿನ ಬಾಡಿಗೆ ಶೆಡ್ಡೇ ಕಡೆಗೆ ಅಗ್ಗವಾಗಬಹುದು. ನಮ್ಮ ಲೆಕ್ಕದಲ್ಲಿ ಅಣ್ಣನ ಮಾತು ಗೆದ್ದಿತು, ತಿಂಗಳಿಗೆ 10,000 ರೂಪಾಯಿ ಬಾಡಿಗೆ ಸೇರಿತು.

ಈಗ ಮಾರುಕಟ್ಟೆಗೆ ಬರಬಹುದು, ಏಕೆಂದರೆ ಪ್ರಶ್ನೆಗೆ ಒಂದು ಆಕಾರ ಬಂದಿದೆ. ವರ್ಷಕ್ಕೆ 26,400 ಲೀಟರ್ ಎಂದರೆ ತಿಂಗಳಿಗೆ 2,200. ಗಾಣದ ಎಣ್ಣೆಗೆ ಒಲಿದ ಮನೆಯೂ ಕರಿಯುವುದಕ್ಕೆ ಪ್ಯಾಕೆಟ್ ಎಣ್ಣೆಯನ್ನೇ ಇಟ್ಟುಕೊಂಡಿರುತ್ತದೆ. ಆದ್ದರಿಂದ ಮನೆಯೊಂದಕ್ಕೆ ತಿಂಗಳಿಗೆ ಮೂರು ಲೀಟರ್ ಎಂದು ಹಿಡಿದರೆ 730ಕ್ಕೂ ಹೆಚ್ಚು ಮನೆ ಬೇಕು. ಒಂದು ಸಲ ರುಚಿ ನೋಡಿ ಬಿಡುವ ಮನೆಗಳಲ್ಲ, ತಿಂಗಳು ತಿಂಗಳು ಮತ್ತೆ ಬರುವ ಮನೆಗಳು. ‘ಆರೋಗ್ಯದ ಬಗ್ಗೆ ಜನರಲ್ಲಿ ಅರಿವು ಹೆಚ್ಚುತ್ತಿದೆ, ಬೇಡಿಕೆ ಅಪಾರ’ ಎಂದು ಬರೆದರೆ ಈ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಆ 730 ಮನೆ ಯಾವ ಬೀದಿಯಲ್ಲಿವೆ? ಈಗ ಯಾವ ಎಣ್ಣೆ ಕೊಳ್ಳುತ್ತಿವೆ, ಎಷ್ಟಕ್ಕೆ? ಶೇಂಗಾ ಬೆಳೆಯುವ ಸೀಮೆಯಲ್ಲಿ ಇನ್ನೊಂದು ತೊಡಕೂ ಇದೆ: ಹೊಲದಲ್ಲಿ ಶೇಂಗಾ ಇರುವವರು ಎಣ್ಣೆ ಕೊಳ್ಳುವುದಿಲ್ಲ, ತಮ್ಮ ಬೀಜ ತಂದು ಆಡಿಸಿಕೊಡಿ ಎನ್ನುತ್ತಾರೆ. ಕೊಳ್ಳುವ ಗಿರಾಕಿ ಇರುವುದು ಚಿತ್ರದುರ್ಗ, ದಾವಣಗೆರೆ, ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಅಲ್ಲಿಗೆ ತಲುಪಿಸುವ ಖರ್ಚು ಲೀಟರಿನ ಮೇಲೆ ಕೂರುತ್ತದೆ.

ಜನರನ್ನು ಕೇಳಿ ತಿಳಿಯುವುದರಲ್ಲೂ ಒಂದು ಮೋಸವಿದೆ. ‘ಶುದ್ಧ ಗಾಣದ ಎಣ್ಣೆ ಕೊಟ್ಟರೆ ಕೊಳ್ಳುತ್ತೀರಾ?’ ಎಂದರೆ ನೂರಕ್ಕೆ ತೊಂಬತ್ತು ಜನ ಹೂಂ ಎನ್ನುತ್ತಾರೆ, ಇಲ್ಲ ಎನ್ನುವುದು ಅವರಿಗೂ ಮುಜುಗರ. ಅದಕ್ಕಿಂತ ನಂಬುವಂಥದ್ದು ಚಿಕ್ಕದೊಂದು ಮಾರಾಟ. ಪರವಾನಗಿ ಇರುವ ಬೇರೆಯವರ ಗಾಣದಲ್ಲಿ 200 ಕಿಲೋ ಬೀಜ ಆಡಿಸಿದರೆ 88 ಲೀಟರ್ ಬರುತ್ತದೆ. ಅದನ್ನು ಮುಂದೆ ಇಡಬೇಕೆಂದಿರುವ ದರಕ್ಕೇ, ರಿಯಾಯಿತಿ ಇಲ್ಲದೆ, ನೆಂಟರಲ್ಲದವರಿಗೆ ಮಾರಿ ನೋಡಬೇಕು. ಮೊದಲ ತಿಂಗಳು ಎಷ್ಟು ಹೋಯಿತು ಎನ್ನುವುದು ಅಷ್ಟು ಮುಖ್ಯವಲ್ಲ. ಎರಡನೆಯ ತಿಂಗಳು ಅವರಲ್ಲಿ ಎಷ್ಟು ಜನ ತಾವಾಗಿ ಫೋನ್ ಮಾಡಿದರು ಎನ್ನುವ ಅಂಕಿಯನ್ನು ಅಧ್ಯಯನದಲ್ಲಿ ಬರೆಯಬೇಕು. ಅಂದಹಾಗೆ, ಈ ಪ್ರಯೋಗದ ಮಾರಾಟಕ್ಕೂ ಆಹಾರ ಸುರಕ್ಷತಾ ನೋಂದಣಿ ಬೇಕು.

ಮಾರುಕಟ್ಟೆಯ ಅಂಕಿಗೆ ಆಯುಷ್ಯವೂ ಇದೆ. ಇದಕ್ಕೆ ದೊಡ್ಡ ಸಾಕ್ಷಿ ಅಮೆರಿಕದ ಇರಿಡಿಯಂ. ಭೂಮಿಯ ಯಾವ ಮೂಲೆಯಿಂದಲೂ ಮಾತಾಡಬಲ್ಲ ಉಪಗ್ರಹ ಫೋನಿನ ಯೋಚನೆ ಮೋಟೊರೋಲ ಕಂಪನಿಯಲ್ಲಿ ಹುಟ್ಟಿದ್ದು 1987ರಲ್ಲಿ. ಆಗ ಕಿಸೆಯ ಮೊಬೈಲ್ ಎಂಬುದು ಕೆಲವೇ ಶ್ರೀಮಂತ ನಗರಗಳ ವಸ್ತು. ಸುಮಾರು 500 ಕೋಟಿ ಡಾಲರ್ ಸುರಿದು 66 ಉಪಗ್ರಹಗಳ ಜಾಲ ಕಟ್ಟಿದರು, ತರಂಗಾಂತರದ ಅನುಮತಿಗಳನ್ನೂ ಪಡೆದರು, 1998ರ ನವೆಂಬರ್ 1ರಂದು ಸೇವೆ ಶುರುವಾಯಿತು. ತಂತ್ರಜ್ಞಾನ ನಿಜಕ್ಕೂ ಕೆಲಸ ಮಾಡಿತು. ಆದರೆ ಅಷ್ಟು ಹೊತ್ತಿಗೆ ಸಾಮಾನ್ಯ ಮೊಬೈಲ್ ಊರೂರಿಗೆ ಹಬ್ಬಿತ್ತು. ಇರಿಡಿಯಂ ಫೋನಿನ ಬೆಲೆ 3,000 ಡಾಲರ್ ಆಸುಪಾಸು, ಕಟ್ಟಡದೊಳಗೆ ಅದು ಸರಿಯಾಗಿ ಸಿಗುತ್ತಲೂ ಇರಲಿಲ್ಲ. 1999ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮರುವರ್ಷ ಆ ಜಾಲವನ್ನು ಹೊಸಬರು ಕೇವಲ 2.5 ಕೋಟಿ ಡಾಲರಿಗೆ ಕೊಂಡು, ಸೈನ್ಯ, ಹಡಗು, ಗಣಿಯವರಿಗೆ ಸೇವೆ ಕೊಡುತ್ತ ಉಳಿಸಿದರು. ಮಾರುಕಟ್ಟೆ ಇಲ್ಲವೇ ಇಲ್ಲ ಎಂದಲ್ಲ. ಇದ್ದ ಮಾರುಕಟ್ಟೆ 500 ಕೋಟಿ ಡಾಲರಿನ ಹೂಡಿಕೆಯ ಭಾರ ಹೊರುವಷ್ಟು ದೊಡ್ಡದಿರಲಿಲ್ಲ.

ಚಳ್ಳಕೆರೆಯ ಲೆಕ್ಕದಲ್ಲಿ ಅಷ್ಟು ಸೊನ್ನೆಗಳಿಲ್ಲ, ಪ್ರಶ್ನೆ ಮಾತ್ರ ಅದೇ. ಇರುವ ಗಿರಾಕಿ ಎಷ್ಟು ಸಾಲ ಹೊರಬಲ್ಲ? ಇಲ್ಲಿಂದ ಆರ್ಥಿಕ ಭಾಗ.

2025–26ರ ಸಾಲಿಗೆ ಶೇಂಗಾ ಕಾಯಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ. ಮಂಡಿಯ ದರ ಇದರ ಕೆಳಗೂ ಇಳಿಯುತ್ತದೆ, ಮೇಲೂ ಏರುತ್ತದೆ. ಲೆಕ್ಕಕ್ಕೆ ಇದನ್ನೇ ಹಿಡಿಯೋಣ. ಹಮಾಲಿ, ಸಾಗಣೆ, ಕಾಯಿ ಒಡೆಸುವ ಖರ್ಚಿಗೆ 300 ರೂಪಾಯಿ ಸೇರಿದರೆ 7,563 ಆಯಿತು. ಒಂದು ಕ್ವಿಂಟಲ್ ಕಾಯಿಗೆ 70 ಕಿಲೋ ಬೀಜ ಸಿಗುತ್ತದೆ, ಆರಿಸಿದ ಮೇಲೆ ಗಾಣಕ್ಕೆ ಹೋಗುವುದು 67 ಕಿಲೋ. ಅಲ್ಲಿಗೆ ಬೀಜದ ಕಿಲೋ ದರ 113 ರೂಪಾಯಿ. ನೂರು ಕಿಲೋ ಬೀಜಕ್ಕೆ 11,300 ಕೊಟ್ಟರೆ, 56 ಕಿಲೋ ಹಿಂಡಿ ಕಿಲೋಗೆ 40ರಂತೆ 2,240 ರೂಪಾಯಿ ಹಿಂದಿರುಗಿಸುತ್ತದೆ. ಉಳಿದ 9,060 ರೂಪಾಯಿಯನ್ನು 44 ಲೀಟರಿಗೆ ಹಂಚಿದರೆ ಲೀಟರಿನ ಬೀಜದ ಖರ್ಚು 206. ಬಾಟಲಿ, ಮುಚ್ಚಳ, ಲೇಬಲ್ಲಿಗೆ 14, ಕರೆಂಟಿಗೆ 3, ರಟ್ಟಿನ ಪೆಟ್ಟಿಗೆ ಮತ್ತು ಸಾಗಣೆಗೆ 6. ಒಟ್ಟು 229.

ಮಾರುವ ದರ 320 ಎಂದಿಟ್ಟರೆ ನೇರ ಗಿರಾಕಿಯಿಂದ ಶೇ 5 ಜಿಎಸ್‌ಟಿ ಕಳೆದು ಕೈಗೆ ಬರುವುದು 305. ಅಂಗಡಿಯವನ ಮೂಲಕ ಹೋದರೆ ಅವನ ಪಾಲು ಶೇ 15 ಕಳೆದು, ತೆರಿಗೆಯೂ ಹೋಗಿ 259. ಅರ್ಧ ಹೀಗೆ, ಅರ್ಧ ಹಾಗೆ ಎಂದರೆ ಸರಾಸರಿ 282. ಲೀಟರಿಗೆ ಉಳಿಯುವುದು 53 ರೂಪಾಯಿ.

ಎಲ್ಲ ಕಥೆಯೂ ಈ 53 ರೂಪಾಯಿಯದು. ಇಬ್ಬರು ಆಳುಗಳ ಸಂಬಳ ತಿಂಗಳಿಗೆ ತಲಾ 15,000, ಬಾಡಿಗೆ, ರಿಪೇರಿ, ಪರೀಕ್ಷೆ, ಲೆಕ್ಕಪತ್ರ ಸೇರಿ ವರ್ಷಕ್ಕೆ 5.4 ಲಕ್ಷ ಎಂದಾದರೆ, ಅದನ್ನು 53ರಿಂದ ಭಾಗಿಸಿದಾಗ ಸುಮಾರು 10,200 ಲೀಟರ್ ಬರುತ್ತದೆ. ಇದು ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟ. ಗಾಣದ ಸಾಮರ್ಥ್ಯದ ಅರ್ಧಕ್ಕೂ ಕಡಿಮೆ. ಇಲ್ಲಿಗೆ ಲೆಕ್ಕ ಮುಚ್ಚಿ ಸಿಹಿ ಹಂಚುವವರು ಬಹಳ ಜನ.

ಆದರೆ ಗಾಣ, ಕಾಯಿ ಒಡೆಯುವ ಯಂತ್ರ, ಸ್ಟೀಲ್ ಟ್ಯಾಂಕು, ಫಿಲ್ಟರು, ವೈರಿಂಗ್‌ಗೆಂದು 8 ಲಕ್ಷ ಸಾಲ ತೆಗೆದಿದ್ದರೆ, ಶೇ 11 ಬಡ್ಡಿಗೆ ಐದು ವರ್ಷದ ಕಂತು ವರ್ಷಕ್ಕೆ 2.09 ಲಕ್ಷ. ಅದರ ಮೇಲೆ ಬೀಜ ಕೊಳ್ಳಲು ತೆಗೆದ ದುಡಿಯುವ ಬಂಡವಾಳದ ಬಡ್ಡಿ ಸುಮಾರು 1.2 ಲಕ್ಷ. ಇವನ್ನೂ ಸೇರಿಸಿ ಭಾಗಿಸಿದರೆ ಬೇಕಾಗುವ ಮಾರಾಟ 16,400 ಲೀಟರ್, ಅಂದರೆ 450ಕ್ಕಿಂತ ಹೆಚ್ಚು ಮನೆ. ಅರ್ಧ ಸಾಮರ್ಥ್ಯದಲ್ಲಿ, 13,200 ಲೀಟರಿನಲ್ಲಿ ನಡೆಯುವ ಗಾಣ ಮೊದಲಿನ ಲೆಕ್ಕದಲ್ಲಿ ಲಾಭ ತೋರಿಸುತ್ತಲೇ ಕಂತು ಕಟ್ಟಲಾಗದೆ ಒದ್ದಾಡುತ್ತದೆ. ಇಷ್ಟರಲ್ಲಿ ಅಣ್ಣ ತಮ್ಮಂದಿರ ಸ್ವಂತ ದುಡಿಮೆಗೆ ಒಂದು ರೂಪಾಯಿಯನ್ನೂ ಹಿಡಿದಿಲ್ಲ ಎಂಬುದನ್ನು ಗಮನಿಸಬೇಕು. ಸಾಲ ಕೊಡುವವರು ಇದನ್ನೇ ಅನುಪಾತವಾಗಿ ನೋಡುತ್ತಾರೆ. ವರ್ಷದ ಕಂತಿನ ಒಂದೂವರೆ ಪಟ್ಟಾದರೂ ಹಣ ಕೈಯಲ್ಲಿ ಉಳಿಯುವಂತಿರಬೇಕು ಎನ್ನುವುದು ಬ್ಯಾಂಕುಗಳ ಸಾಮಾನ್ಯ ನಿರೀಕ್ಷೆ. ನಮ್ಮ ಗಾಣ ಮುಕ್ಕಾಲು ಸಾಮರ್ಥ್ಯಕ್ಕೆ ಬಂದಾಗ ಮಾತ್ರ ಆ ಗೆರೆ ದಾಟುತ್ತದೆ.

ದುಡಿಯುವ ಬಂಡವಾಳದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕೃಷಿ ಉತ್ಪನ್ನದ ಉದ್ದಿಮೆಗಳು ಹೆಚ್ಚಾಗಿ ಉಸಿರುಗಟ್ಟುವುದು ಇಲ್ಲಿ. ಸಣ್ಣ ಉದ್ದಿಮೆಗಳಿಗೆ ದುಡಿಯುವ ಬಂಡವಾಳ ಎಷ್ಟು ಕೊಡಬೇಕು ಎಂಬುದಕ್ಕೆ ಬ್ಯಾಂಕುಗಳು ಇಂದಿಗೂ ಪಿ.ಆರ್. ನಾಯಕ್ ಸಮಿತಿಯ ಸೂತ್ರ ಬಳಸುತ್ತವೆ: ಅಂದಾಜು ವಾರ್ಷಿಕ ವಹಿವಾಟಿನ ಶೇ 20. ಹಾಕಿದ ಹಣ ಮೂರು ತಿಂಗಳಲ್ಲಿ ಒಂದು ಸುತ್ತು ತಿರುಗಿ ಬರುತ್ತದೆ, ಆಗ ವಹಿವಾಟಿನ ಕಾಲುಭಾಗ ಬೇಕು, ಅದರಲ್ಲಿ ಶೇ 5 ಉದ್ದಿಮೆದಾರನ ಕೈಯಿಂದ ಬರಲಿ ಎನ್ನುವುದು ಅದರ ಹಿಂದಿನ ಎಣಿಕೆ. ಆದರೆ ಮುಂಗಾರಿನ ಶೇಂಗಾ ಬರುವುದು ವರ್ಷಕ್ಕೊಮ್ಮೆ. ಒಳ್ಳೆಯ ಬೀಜ ಒಳ್ಳೆಯ ಬೆಲೆಗೆ ಬೇಕೆಂದರೆ ಸುಗ್ಗಿಯಲ್ಲೇ ಕೊಂಡು ಕೂಡಿಡಬೇಕು. ಅರ್ಧ ಸಾಮರ್ಥ್ಯದ ಮೊದಲ ವರ್ಷದಲ್ಲಿ ಎಣ್ಣೆ, ಹಿಂಡಿ ಸೇರಿ ವಹಿವಾಟು ಸುಮಾರು 44 ಲಕ್ಷ. ಸೂತ್ರದಂತೆ ಬ್ಯಾಂಕು ಕೊಡುವುದು 8.8 ಲಕ್ಷ. ಆರು ತಿಂಗಳ ಬೀಜಕ್ಕೆ ಬೇಕಾಗುವುದು 17 ಲಕ್ಷ. ನಡುವಿನ ಎಂಟು ಲಕ್ಷ ಎಲ್ಲಿಂದ? ಈ ಪ್ರಶ್ನೆ ಅಧ್ಯಯನದಲ್ಲಿ ಎದ್ದಿರದಿದ್ದರೆ ಸುಗ್ಗಿಯಲ್ಲಿ ಏಳುತ್ತದೆ, ಆಗ ಉತ್ತರ ಕೊಡುವವನು ಮೀಟರ್ ಬಡ್ಡಿಯವನು. ಇಲ್ಲವೇ ತಿಂಗಳು ತಿಂಗಳು ಚಿಲ್ಲರೆಯಾಗಿ ಬೀಜ ಕೊಳ್ಳಬೇಕು, ಬೇಸಿಗೆಯ ದರ ಕೊಡಬೇಕು.

ಆ ದರವೇ ಅಪಾಯ. ಬೀಜ ಶೇ 10ರಷ್ಟು ಏರಿದರೆ ಲೀಟರಿನ ಖರ್ಚು ಸುಮಾರು 26 ರೂಪಾಯಿ ಹೆಚ್ಚುತ್ತದೆ, 53 ಇದ್ದದ್ದು 27 ಆಗುತ್ತದೆ. ಬೆಲೆ ಏರದೆ ಎಣ್ಣೆಯ ಇಳುವರಿ ಮಾತ್ರ ಶೇ 40ರಿಂದ 37ಕ್ಕೆ ಬಿದ್ದರೂ 14 ರೂಪಾಯಿ ಹೋಗುತ್ತದೆ. ಒಂದೊಂದೇ ಅಂಕಿಯನ್ನು ಹೀಗೆ ಅಲುಗಾಡಿಸಿ ನೋಡಿದಾಗ ಯಾವುದನ್ನು ಕಾಯಬೇಕು ಎನ್ನುವುದು ತಿಳಿಯುತ್ತದೆ. ಇಲ್ಲಿ ಕರೆಂಟ್ ಬಿಲ್ ಇಮ್ಮಡಿಯಾದರೂ ಹೋಗುವುದು ಮೂರೇ ರೂಪಾಯಿ. ಕಾಯಬೇಕಾದದ್ದು ಬೀಜದ ದರ ಮತ್ತು ಬೀಜದ ಗುಣ.

ಸಬ್ಸಿಡಿಯ ಮಾತು ಬರದೆ ಇರದು. ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ, ಅಂದರೆ ಪಿಎಂಎಫ್‌ಎಂಇ, 2020ರಲ್ಲಿ ಶುರುವಾದಾಗ ಅರ್ಹ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ಎಂದು ಗೊತ್ತುಮಾಡಿತು. ಚಿತ್ರದುರ್ಗಕ್ಕೆ ಆ ಯೋಜನೆಯಡಿ ಗೊತ್ತಾದ ಉತ್ಪನ್ನವೂ ಶೇಂಗಾವೇ. ಆದರೆ ಅದು ಸಾಲಕ್ಕೆ ಜೋಡಿಸಿದ ಸಹಾಯಧನ. ಹಣ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲಿ ಕಟ್ಟಿಟ್ಟಿರುತ್ತದೆ, ಘಟಕ ಮೂರು ವರ್ಷ ಸರಿಯಾಗಿ ನಡೆದು ಸಾಲವೂ ಸರಿಯಾಗಿದ್ದರೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಬೀಜ ಕೊಳ್ಳುವ ಸಂಕಟಕ್ಕೆ ಅದು ಒದಗುವುದಿಲ್ಲ. ಸಬ್ಸಿಡಿ ಇಲ್ಲದೆ ನಿಲ್ಲದ ಲೆಕ್ಕವನ್ನು ಸಬ್ಸಿಡಿ ಹಾಕಿ ನಿಲ್ಲಿಸುವ ಚಾಳಿ ಒಳ್ಳೆಯದಲ್ಲ.

ಇನ್ನು ಕಾನೂನು. ಹೆಚ್ಚಿನ ರಿಪೋರ್ಟುಗಳಲ್ಲಿ ಇದು ಕೊನೆಯ ಅರ್ಧ ಪುಟ: ‘ಅಗತ್ಯ ಪರವಾನಗಿಗಳನ್ನು ಪಡೆಯಲಾಗುವುದು’. ದೊಡ್ಡವರೂ ಇಲ್ಲಿ ಕೈಸುಟ್ಟುಕೊಂಡಿದ್ದಾರೆ. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಟಾಟಾ ನ್ಯಾನೊ ಕಾರಿಗಾಗಿ ಸರ್ಕಾರ 2006ರಲ್ಲಿ ಸುಮಾರು 997 ಎಕರೆ ಸ್ವಾಧೀನಪಡಿಸಿಕೊಂಡಿತು. ಪರಿಹಾರ ಬೇಡವೆಂದ ರೈತರ ಹೋರಾಟ ಬೆಳೆದು, ಕಾರ್ಖಾನೆ ಬಹುಪಾಲು ಕಟ್ಟಿ ಮುಗಿದಿದ್ದಾಗ, 2008ರ ಅಕ್ಟೋಬರಿನಲ್ಲಿ ಕಂಪನಿ ಗುಜರಾತಿನ ಸಾಣಂದಕ್ಕೆ ಹೊರಟಿತು. 2016ರಲ್ಲಿ ಸುಪ್ರೀಂ ಕೋರ್ಟ್ ಆ ಸ್ವಾಧೀನವನ್ನೇ ರದ್ದುಮಾಡಿತು. ಜಮೀನಿನ ಹಕ್ಕು ಗಟ್ಟಿಯಿಲ್ಲದೆ ಮೇಲೆ ಕಟ್ಟಿದ್ದೆಲ್ಲ ಅಲುಗಾಡುತ್ತದೆ.

ಗಾಣದ ಮಟ್ಟಿಗೆ ಕಾನೂನಿನ ಅತಿ ಮುಖ್ಯ ಪ್ರಶ್ನೆ ಎಣ್ಣೆಯನ್ನು ಹೇಗೆ ಮಾರುತ್ತೀರಿ ಎನ್ನುವುದು. ಗಿರಾಕಿ ಪಾತ್ರೆ ತರಲಿ, ಕಣ್ಣೆದುರೇ ಅಳೆದು ಕೊಡೋಣ, ಬಾಟಲಿಯ 14 ರೂಪಾಯಿ ಉಳಿಯಿತು ಎಂದು ತಮ್ಮ ಲೆಕ್ಕ ಹಾಕಿದ್ದ. ನಂಬಿಕೆ ಹುಟ್ಟಿಸುವ ಸೊಗಸಾದ ಯೋಚನೆಯೇ. ಆದರೆ ಆಹಾರ ಸುರಕ್ಷತಾ ಕಾಯ್ದೆಯಡಿ 2011ರಲ್ಲಿ ಬಂದ ಮಾರಾಟ ನಿರ್ಬಂಧದ ನಿಯಮಗಳ ಪ್ರಕಾರ ಅಡುಗೆ ಎಣ್ಣೆಯನ್ನು ಪ್ಯಾಕ್ ಮಾಡಿ ಲೇಬಲ್ ಹಚ್ಚದೆ ಮಾರುವಂತಿಲ್ಲ. ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಟ್ಟರೆ ಮಾತ್ರ ಬಿಡಿಯಾಗಿ ಮಾರಬಹುದು. ಕಲಬೆರಕೆ ತಡೆಯುವುದು ಇದರ ಉದ್ದೇಶ. ಹೀಗೆ ಕಾನೂನಿನ ಒಂದು ಸಾಲು 67 ಆಗಬಹುದಾಗಿದ್ದ ಮಾರ್ಜಿನ್ನನ್ನು 53ಕ್ಕೆ ತಂದು ನಿಲ್ಲಿಸಿತು. ಸರಿದೂಗುವ ಮಟ್ಟ, ಬೇಕಾದ ಮನೆಗಳ ಸಂಖ್ಯೆ, ಸಾಲದ ಅನುಪಾತ ಎಲ್ಲವೂ ಅದರ ಜೊತೆಗೇ ಸರಿದವು. ಕಾನೂನಿನ ಭಾಗವನ್ನು ಕೊನೆಗೆ ನೋಡೋಣ ಎನ್ನುವವರು ಈ ಲೆಕ್ಕವನ್ನೆಲ್ಲ ಎರಡು ಸಲ ಮಾಡಬೇಕಾಗುತ್ತದೆ.

ಉಳಿದವು ಇಷ್ಟು ಕಠಿಣವಲ್ಲ. ಪ್ರಮಾಣಕ್ಕೆ ತಕ್ಕ ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ, ಪಂಚಾಯಿತಿಯ ಪರವಾನಗಿ, ಜಿಎಸ್‌ಟಿ. ಲೇಬಲ್ಲಿನ ಮೇಲೆ ಬೆಲೆ, ದಿನಾಂಕ, ದೂರಿಗೆ ಫೋನ್ ಸಂಖ್ಯೆ ಮತ್ತು ಲೀಟರಿನ ಜೊತೆಗೆ ತೂಕ. ಎಣ್ಣೆ ಬಿಸಿಯಾದಾಗ ಹಿಗ್ಗುವುದರಿಂದ ಉಷ್ಣಾಂಶ ಬರೆದು ಗಿರಾಕಿಗೆ ಕಡಿಮೆ ತುಂಬುವುದನ್ನು ತಡೆಯಲು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ಹೀಗೆ ಸೂಚಿಸಿತು. ‘ಕೊಲೆಸ್ಟ್ರಾಲ್ ಓಡಿಸುತ್ತದೆ’, ‘ಹೃದಯಕ್ಕೆ ಹಿತ’ ಎಂಬಂಥ ಮಾತು ಲೇಬಲ್ಲಿನಲ್ಲಿ ಬರಕೂಡದು. ಗಾಣದ ಎಣ್ಣೆಯ ಮಾರಾಟವೇ ಅಂಥ ಮಾತಿನ ಮೇಲೆ ನಿಂತಿದ್ದರೆ ಅದೂ ಮಾರುಕಟ್ಟೆ ಭಾಗದ ಸಮಸ್ಯೆಯಾಯಿತು. ಶೆಡ್ಡು ಕೃಷಿ ಜಮೀನಿನಲ್ಲಿದ್ದರೆ 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನಿನ ಭೂಪರಿವರ್ತನೆಯ ವಿಚಾರ ಬರುತ್ತದೆ. ಅದರ ಶರತ್ತು, ವಿನಾಯಿತಿಗಳು ಬದಲಾಗುತ್ತ ಬಂದಿವೆ, ಇವತ್ತಿನದನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ ಬರಹದಲ್ಲಿ ಪಡೆಯುವುದು ಕ್ಷೇಮ.

ಇಷ್ಟೆಲ್ಲ ಆದಮೇಲೆ ಅಣ್ಣ ತಮ್ಮಂದಿರು ಗಾಣ ಹಾಕಬೇಕೋ ಬೇಡವೋ? ಎರಡು ಗಾಣ, 8 ಲಕ್ಷ ಸಾಲದ ರೂಪದಲ್ಲಿ ಬೇಡ. ಮೊದಲ ವರ್ಷ 450 ಮನೆ ಸಿಗುವ ಪುರಾವೆ ಅವರ ಬಳಿ ಇಲ್ಲ. ಒಂದೇ ಗಾಣ, ಅರ್ಧ ಸಾಲ, ಒಬ್ಬ ಆಳು, ಇನ್ನೊಬ್ಬ ಆಳಿನ ಜಾಗದಲ್ಲಿ ತಮ್ಮನೇ ನಿಂತರೆ ಲೆಕ್ಕ ಬೇರೆಯಾಗುತ್ತದೆ. ಮಾರುಕಟ್ಟೆಯ ಭಾಗದಲ್ಲಿ ತೊಡಕಾಗಿ ಕಂಡಿದ್ದ ರೈತರೂ ಇಲ್ಲಿ ಆಸರೆಯಾಗುತ್ತಾರೆ. ಅವರ ಬೀಜವನ್ನು ಕಿಲೋಗೆ ಇಷ್ಟೆಂದು ಕೂಲಿ ಪಡೆದು ಆಡಿಸಿಕೊಟ್ಟರೆ ಬೀಜಕ್ಕೆ ಬಂಡವಾಳ ಹೂಡಬೇಕಿಲ್ಲ, ದರ ಏರಿದರೂ ಚಿಂತೆಯಿಲ್ಲ. ಸಿಗುವುದು ಕಡಿಮೆ, ಆದರೆ ಆರು ತಿಂಗಳ ದಾಸ್ತಾನಿನ ಭಾರ ಅದಕ್ಕಿಲ್ಲ. ಒಳ್ಳೆಯ ಅಧ್ಯಯನಗಳು ಹೌದು, ಇಲ್ಲಗಳಿಗಿಂತ ಹೆಚ್ಚಾಗಿ ಇಂಥ ಮೂರನೆಯ ರೂಪವನ್ನೇ ತೋರಿಸಿ ಕೊಡುತ್ತವೆ.

ಮತ್ತೆ, ರಿಪೋರ್ಟಿನ ಮೇಲಿನ ದಿನಾಂಕ. 2024–25ರಲ್ಲಿ ಶೇಂಗಾದ ಬೆಂಬಲ ಬೆಲೆ 6,783 ರೂಪಾಯಿ ಇತ್ತು. ಮರುವರ್ಷಕ್ಕೆ 480 ರೂಪಾಯಿ ಏರಿತು. ಇದೇ ಲೆಕ್ಕವನ್ನು ಹಿಂದಿನ ವರ್ಷದ ದರದಲ್ಲಿ ಮಾಡಿಸಿಟ್ಟುಕೊಂಡಿದ್ದವರ ರಿಪೋರ್ಟಿನಲ್ಲಿ ಲೀಟರಿಗೆ ಉಳಿಯುವುದು 53 ಅಲ್ಲ, 69 ರೂಪಾಯಿ. ಆ ಹಾಳೆಗಳನ್ನೇ ಹಿಡಿದು ಮರುವರ್ಷ ಸಾಲಕ್ಕೆ ಹೋದರೆ, ಅವರು ಲೆಕ್ಕ ಹಾಕಿದ್ದ ಹಣದ ಕಾಲುಭಾಗ ಸುಗ್ಗಿಯ ಮೊದಲ ಖರೀದಿಯಲ್ಲೇ ಹೋಗಿರುತ್ತದೆ.